ವೆಲ್ಕಮ್ ಬೋನಸ್‌ನ ನಿಜವಾದ ಬೆಲೆ ಎಷ್ಟು? ವೇಜರಿಂಗ್ ಷರತ್ತನ್ನು ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

‘100 ಪೌಂಡ್ ಹಾಕಿ, ಇನ್ನೂ 100 ಪೌಂಡ್ ನಮ್ಮಿಂದ ಪಡೆಯಿರಿ.’ ಬ್ರಿಟನ್ನಿನ ಆನ್‌ಲೈನ್ ಕ್ಯಾಸಿನೊಗಳ ಜಾಹೀರಾತು ಬಹುಪಾಲು ಹೀಗೇ ಇರುತ್ತದೆ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ವೇಜರಿಂಗ್ 10x’ ಎಂದು ಇನ್ನೊಂದು ಸಾಲು ಇರುತ್ತದೆ, 2026ರ ಜನವರಿಗೂ ಮೊದಲು ‘35x’ ಎಂದೂ ಇರುತ್ತಿತ್ತು. ಹಣ ತೆಗೆಯುವ ಮೊದಲು ಒಟ್ಟು ಎಷ್ಟು ಪಣ ಕಟ್ಟಿ ಆಡಬೇಕು ಎಂಬ ಷರತ್ತು ಅದು. ಬೋನಸ್ಸಿನ ಬೆಲೆ ನಿರ್ಧಾರವಾಗುವುದು ದೊಡ್ಡ ಅಕ್ಷರದ 100ರಿಂದಲ್ಲ, ಈ ಸಣ್ಣ ಸಾಲಿನಿಂದ. ಅದನ್ನು ಲೆಕ್ಕ ಹಾಕಲು ಗುಣಾಕಾರ, ವ್ಯವಕಲನ ಬಂದರೆ ಸಾಕು. ಆದರೆ ಯಾವ ಸಂಖ್ಯೆಯನ್ನು ಯಾವುದರಿಂದ ಗುಣಿಸಬೇಕು ಎಂಬಲ್ಲೇ ಹೆಚ್ಚಿನವರು ಎಡವುತ್ತಾರೆ.

ಬ್ರಿಟನ್ನಿನ ಉದಾಹರಣೆ ತೆಗೆದುಕೊಳ್ಳಲು ಕಾರಣವಿದೆ. ಅಲ್ಲಿ ಆನ್‌ಲೈನ್ ಜೂಜು ಲೈಸೆನ್ಸ್ ಪಡೆದು ನಡೆಯುವ ವ್ಯವಹಾರ. ಗ್ಯಾಂಬ್ಲಿಂಗ್ ಕಮಿಷನ್ ಎಂಬ ಸರ್ಕಾರಿ ಸಂಸ್ಥೆ ಬೋನಸ್ಸಿಗೂ ನಿಯಮ ಹಾಕಿದೆ. ಲಂಡನ್, ರೆಡಿಂಗ್ ಕಡೆ ಇರುವ ಕನ್ನಡಿಗರ ಫೋನಿಗೂ ಈ ಜಾಹೀರಾತುಗಳು ಬರುತ್ತವೆ. ಭಾರತದಲ್ಲಿ ಇರುವವರ ವಿಷಯ ಬೇರೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಹಂತ 1: ಯಾವ ಮೊತ್ತಕ್ಕೆ ಗುಣಿಸಬೇಕು ಎಂದು ಹುಡುಕಿ

35x ಎಂದರೆ 35 ಪಟ್ಟು. ಯಾವುದರ 35 ಪಟ್ಟು? ಬೋನಸ್ಸಿನದೊಂದೇ ಅಥವಾ ಡೆಪಾಸಿಟ್ ಮತ್ತು ಬೋನಸ್ ಎರಡೂ ಸೇರಿದ ಮೊತ್ತದ್ದೇ? ಷರತ್ತುಗಳ ಪುಟದಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

100 ಪೌಂಡ್ ಡೆಪಾಸಿಟ್, 100 ಪೌಂಡ್ ಬೋನಸ್ ಎಂದುಕೊಳ್ಳಿ. ಗುಣಕ ಬೋನಸ್ಸಿಗೆ ಮಾತ್ರ ಅನ್ವಯಿಸಿದರೆ 35 × 100, ಅಂದರೆ 3,500 ಪೌಂಡ್. ಎರಡೂ ಸೇರಿದರೆ 35 × 200, ಅಂದರೆ 7,000 ಪೌಂಡ್. ಜಾಹೀರಾತಿನಲ್ಲಿ ಎರಡೂ ‘35x’ ಎಂದೇ ಕಾಣುತ್ತವೆ. ಎರಡೂ ಸೇರಿದ 20x ಆಫರ್ ಬೋನಸ್ಸಿಗೆ ಮಾತ್ರ ಲೆಕ್ಕವಿರುವ 35x ಆಫರಿಗಿಂತ ಭಾರ: ಮೊದಲನೆಯದಕ್ಕೆ 4,000, ಎರಡನೆಯದಕ್ಕೆ 3,500. ಹಾಗಾಗಿ ಗುಣಕಗಳನ್ನು ಹೋಲಿಸುತ್ತ ಕೂರಬೇಡಿ. ಪೌಂಡಿನ ಮೊತ್ತಕ್ಕೆ ಇಳಿಸಿಕೊಂಡು ಆಮೇಲೆ ಹೋಲಿಸಿ.

ಹಂತ 2: ಟರ್ನೋವರ್ ಎಂದರೆ ಏನೆಂದು ಸ್ಪಷ್ಟ ಮಾಡಿಕೊಳ್ಳಿ

ಈ 3,500 ಪೌಂಡನ್ನು ನೀವು ಜೇಬಿನಿಂದ ಹಾಕಬೇಕಾಗಿಲ್ಲ, ಅಷ್ಟನ್ನು ಸೋಲಲೂ ಬೇಕಾಗಿಲ್ಲ. ನೀವು ಕಟ್ಟಿದ ಪಣಗಳೆಲ್ಲದರ ಒಟ್ಟು ಮೊತ್ತ ಅಷ್ಟಾಗಬೇಕು, ಅಷ್ಟೇ. ಇದನ್ನೇ ಟರ್ನೋವರ್ ಎನ್ನುತ್ತಾರೆ. 1 ಪೌಂಡ್ ಕಟ್ಟಿ ಗೆದ್ದರೂ 1 ಪೌಂಡ್ ಲೆಕ್ಕಕ್ಕೆ ಸೇರುತ್ತದೆ, ಸೋತರೂ ಸೇರುತ್ತದೆ. ಗೆದ್ದ ಹಣವನ್ನೇ ಮತ್ತೆ ಕಟ್ಟಿದರೆ ಅದೂ ಸೇರುತ್ತದೆ. ಒಂದೇ 200 ಪೌಂಡ್ ಆಟದೊಳಗೆ ಸುತ್ತಿ ಸುತ್ತಿ 3,500 ಆಗುವುದು ಹೀಗೆ.

ಇದಕ್ಕೆ ಎಷ್ಟು ಹೊತ್ತು ಬೇಕು? ಬ್ರಿಟನ್ನಿನಲ್ಲಿ 2021ರಿಂದ ಸ್ಲಾಟ್ ಆಟಗಳಲ್ಲಿ ಒಂದು ಸ್ಪಿನ್ ಕನಿಷ್ಠ 2.5 ಸೆಕೆಂಡ್ ಇರಬೇಕು ಎಂಬ ನಿಯಮವಿದೆ. ತಾನೇ ಓಡುವ ಆಟೋಪ್ಲೇ ನಿಷಿದ್ಧ. 1 ಪೌಂಡಿನ ಸ್ಪಿನ್ನುಗಳಾದರೆ 3,500 ಸಲ ಬಟನ್ ಒತ್ತಬೇಕು. ಎಲ್ಲೂ ನಿಲ್ಲದೆ ಒತ್ತಿದರೂ ಎರಡೂವರೆ ಗಂಟೆಗೆ ಸ್ವಲ್ಪ ಕಡಿಮೆ. 20 ಪೆನ್ಸ್ ಸ್ಪಿನ್ ಆಡುವವರಿಗೆ ಅದರ ಐದರಷ್ಟು. ಷರತ್ತಿಗೆ ಏಳು ದಿನದ ಗಡುವು ಇದ್ದು, ನೀವು ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ 20 ಪೆನ್ಸ್ ಸ್ಪಿನ್ ಆಡುವವರಾದರೆ ಅದು ಮುಗಿಯುವುದೇ ಇಲ್ಲ. ಗಡುವು ಮೀರಿದ ಕೂಡಲೇ ಬೋನಸ್ ಹಣ ಖಾತೆಯಿಂದ ಮಾಯವಾಗುತ್ತದೆ.

ಹಂತ 3: ಆಟದ ಆರ್‌ಟಿಪಿ ನೋಡಿ

ಈ ಗುಣಾಕಾರದಲ್ಲಿ ಇನ್ನೊಂದು ಸಂಖ್ಯೆ ಬೇಕು. ಕಟ್ಟಿದ ಪ್ರತಿ 100 ಪೌಂಡಿನಲ್ಲಿ ದೀರ್ಘಕಾಲದ ಸರಾಸರಿಯಲ್ಲಿ ಆಟಗಾರರಿಗೆ ಎಷ್ಟು ವಾಪಸ್ ಬರುತ್ತದೆ ಎಂಬುದೇ ಆರ್‌ಟಿಪಿ. 96% ಎಂದಿದ್ದರೆ ಉಳಿದ 4% ಕಂಪನಿಯ ಪಾಲು. ಒಂದು ಸೊನ್ನೆಯ ಯೂರೋಪಿಯನ್ ರೂಲೆಟ್ಟಿನಲ್ಲಿ ಈ ಪಾಲು 2.7%. ಬ್ಲ್ಯಾಕ್‌ಜಾಕ್‌ನಲ್ಲಿ ನಿಯಮಗಳು ಚೆನ್ನಾಗಿದ್ದು, ಪ್ರತಿ ಕೈಯನ್ನೂ ಲೆಕ್ಕದ ಪ್ರಕಾರವೇ ಆಡಿದರೆ ಅರ್ಧ ಶೇಕಡದ ಆಸುಪಾಸು.

ಆಟದೊಳಗಿನ ಹೆಲ್ಪ್ ಅಥವಾ ಮಾಹಿತಿ ಪುಟದಲ್ಲಿ ಆರ್‌ಟಿಪಿ ಬರೆದಿರುತ್ತಾರೆ. ಅದನ್ನು ನೀವು ಆಡುವ ಸೈಟಿನಲ್ಲೇ ತೆರೆದು ನೋಡಿ. ಗೂಗಲ್‌ನಲ್ಲಿ ಸಿಕ್ಕ ಸಂಖ್ಯೆಯನ್ನು ನಂಬಬೇಡಿ. ಒಂದೇ ಹೆಸರಿನ, ಒಂದೇ ಚಿತ್ರಗಳ ಸ್ಲಾಟನ್ನು ತಯಾರಕರು ಹಲವು ಆರ್‌ಟಿಪಿ ಮಟ್ಟಗಳಲ್ಲಿ ಕೊಡುತ್ತಾರೆ, ಯಾವುದನ್ನು ಹಾಕಬೇಕೆಂದು ಆರಿಸುವವರು ಕ್ಯಾಸಿನೊದವರು. ಒಂದು ಕಡೆ 96% ಇರುವ ಆಟ ಇನ್ನೊಂದು ಕಡೆ 94% ಇರಬಹುದು. ಎರಡು ಶೇಕಡ ಅಲ್ಪವೆನ್ನಿಸುತ್ತದೆ, ಆದರೆ ಕಂಪನಿಯ ಪಾಲು ಆಗ 4ರಿಂದ 6ಕ್ಕೆ ಏರಿತು. ನಿಮ್ಮ ಖರ್ಚು ಒಂದೂವರೆ ಪಟ್ಟಾಯಿತು ಎಂದರ್ಥ.

ಹಂತ 4: ಲೆಕ್ಕ ಹಾಕಿ

ಸೂತ್ರ ಇಷ್ಟೇ:

ಬೋನಸ್ಸಿನ ಬೆಲೆ = ಬೋನಸ್ ಮೊತ್ತ − (ಟರ್ನೋವರ್ × ಕಂಪನಿಯ ಪಾಲು)

ಆಡಿದ ಎಲ್ಲ ಪಣವೂ ಲೆಕ್ಕಕ್ಕೆ ಬರುತ್ತದೆ, ಷರತ್ತು ಮುಗಿದ ಮೇಲೆ ಬೋನಸ್ ನಗದಾಗುತ್ತದೆ ಎಂದುಕೊಂಡು ಅದೇ 100 ಪೌಂಡ್ ಬೋನಸ್ಸನ್ನು 96% ಸ್ಲಾಟಿನಲ್ಲಿ ಆಡೋಣ.

ಬೋನಸ್ಸಿನ 35 ಪಟ್ಟು ಎಂದಿದ್ದರೆ ಟರ್ನೋವರ್ 3,500. ಅದರ 4% ಅಂದರೆ 140 ಪೌಂಡ್. 100 ಸಿಕ್ಕಿತು, ಸರಾಸರಿ 140 ಹೋಯಿತು. ಈ ‘ಉಚಿತ’ ಬೋನಸ್ಸಿನ ಬೆಲೆ ಮೈನಸ್ 40 ಪೌಂಡ್. ನಿಮ್ಮ 100 ಮತ್ತು ಅವರ 100 ಸೇರಿ ಶುರುವಾದ 200 ಪೌಂಡ್ ಕೊನೆಗೆ ಸರಾಸರಿ 60ಕ್ಕೆ ಬಂದು ನಿಲ್ಲುತ್ತದೆ.

10 ಪಟ್ಟು ಎಂದಿದ್ದರೆ ಟರ್ನೋವರ್ 1,000, ಖರ್ಚು 40, ಬೆಲೆ 60 ಪೌಂಡ್. ಆರ್‌ಟಿಪಿ 94% ಇರುವ ಆಟವಾದರೆ ಖರ್ಚು 60, ಬೆಲೆ 40.

ಬೋನಸ್ ಲಾಭ–ನಷ್ಟಗಳ ಗಡಿ ಎಲ್ಲಿದೆ ಎಂಬುದೂ ಇದರಿಂದಲೇ ಸಿಗುತ್ತದೆ. 100ನ್ನು ಕಂಪನಿಯ ಪಾಲಿನ ಶೇಕಡ ಸಂಖ್ಯೆಯಿಂದ ಭಾಗಿಸಿ. 4% ಆದರೆ 25. ಅಂದರೆ 96% ಆಟದಲ್ಲಿ ಬೋನಸ್ಸಿನ 25 ಪಟ್ಟು ದಾಟಿದ ಯಾವ ಷರತ್ತೂ ಸರಾಸರಿಯಲ್ಲಿ ನಷ್ಟದ್ದೇ. 94% ಆಟಕ್ಕೆ ಈ ಗಡಿ 17ರ ಹತ್ತಿರ ಇಳಿಯುತ್ತದೆ. ಆಫರ್ ನೋಡಿದ ಕೂಡಲೇ ಮನಸ್ಸಿನಲ್ಲೇ ಮಾಡಬಹುದಾದ ಪರೀಕ್ಷೆ ಇದು.

ಹಂತ 5: ಯಾವ ಆಟಕ್ಕೆ ಎಷ್ಟು ಶೇಕಡ ಲೆಕ್ಕ?

ಇಷ್ಟು ಓದಿದವರಿಗೆ ಬರುವ ಮೊದಲ ಯೋಚನೆ: ಅರ್ಧ ಶೇಕಡದ ಬ್ಲ್ಯಾಕ್‌ಜಾಕ್ ಆಡಿಬಿಟ್ಟರೆ ಆಯಿತಲ್ಲ? 3,500ರ ಅರ್ಧ ಶೇಕಡ ಎಂದರೆ ಹದಿನೇಳೂವರೆ ಪೌಂಡ್, ಉಳಿದದ್ದೆಲ್ಲ ಲಾಭ. ಕಂಪನಿಯವರು ಇದನ್ನು ನಿಮಗಿಂತ ಮೊದಲೇ ಯೋಚಿಸಿರುತ್ತಾರೆ. ಹಾಗಾಗಿ ಷರತ್ತುಗಳಲ್ಲಿ ಆಟಗಳ ಒಂದು ಪಟ್ಟಿ ಇರುತ್ತದೆ: ಸ್ಲಾಟ್‌ಗೆ 100%, ರೂಲೆಟ್ಟಿಗೆ 20%, ಬ್ಲ್ಯಾಕ್‌ಜಾಕ್‌ಗೆ 10% ಎಂಬಂತೆ. ಕೆಲವು ಕಡೆ ಮೇಜಿನ ಆಟಗಳಿಗೆ ಸೊನ್ನೆ.

10% ಎಂದರೆ ಬ್ಲ್ಯಾಕ್‌ಜಾಕ್‌ನಲ್ಲಿ 10 ಪೌಂಡ್ ಕಟ್ಟಿದರೆ ಷರತ್ತಿನ ಲೆಕ್ಕಕ್ಕೆ 1 ಪೌಂಡ್ ಸೇರುತ್ತದೆ. ಆಗ 3,500ರ ಷರತ್ತಿಗೆ ನಿಜವಾಗಿ ಕಟ್ಟಬೇಕಾದ್ದು 35,000 ಪೌಂಡ್. ಅದರ ಅರ್ಧ ಶೇಕಡ 175 ಪೌಂಡ್. ಸ್ಲಾಟಿನ 140ಕ್ಕಿಂತಲೂ ಹೆಚ್ಚು! ರೂಲೆಟ್ಟಿನಲ್ಲಿ 20% ಲೆಕ್ಕವಾದರೆ 17,500 ಪೌಂಡ್ ಕಟ್ಟಬೇಕು, 2.7% ಪಾಲಿನಂತೆ ಖರ್ಚು ಸುಮಾರು 470. ಬೇರೆ ಬೇರೆ ಆಟಗಳನ್ನು ಹೋಲಿಸುವಾಗ ಕಂಪನಿಯ ಪಾಲನ್ನು ಈ ಲೆಕ್ಕದ ಶೇಕಡದಿಂದ ಭಾಗಿಸಿ: ಬ್ಲ್ಯಾಕ್‌ಜಾಕ್ 0.5 ಭಾಗಿಸು 0.10 ಅಂದರೆ 5, ಸ್ಲಾಟ್ 4 ಭಾಗಿಸು 1 ಅಂದರೆ 4. ಚಿಕ್ಕ ಉತ್ತರ ಬರುವ ಆಟ ಅಗ್ಗ.

ಆರ್‌ಟಿಪಿ ತುಂಬ ಹೆಚ್ಚಿರುವ ಕೆಲವು ಸ್ಲಾಟ್‌ಗಳೂ ‘ಹೊರಗಿಟ್ಟ ಆಟಗಳು’ ಎಂಬ ಪಟ್ಟಿಯಲ್ಲಿ ಇರುತ್ತವೆ. ಆ ಆಟವನ್ನು ತೆರೆಯಲು ಸೈಟ್ ಅಡ್ಡಿಪಡಿಸದೇ ಇರಬಹುದು. ಆದರೆ ಹಣ ತೆಗೆಯಲು ಹೋದಾಗ ‘ಷರತ್ತು ಮುರಿದಿದ್ದೀರಿ’ ಎಂದು ಗೆದ್ದದ್ದನ್ನು ತಡೆಹಿಡಿಯುವ ಸಾಧ್ಯತೆ ಇದೆ. ಬೋನಸ್ ಚಾಲ್ತಿಯಲ್ಲಿರುವಾಗ ಒಂದು ಸ್ಪಿನ್ನಿಗೆ ಗರಿಷ್ಠ ಇಷ್ಟೇ ಕಟ್ಟಬೇಕೆಂಬ ಮಿತಿಯೂ ಹೀಗೇ. ಒಂದೇ ಒಂದು ಸ್ಪಿನ್ ಆ ಮಿತಿ ದಾಟಿದರೂ ತಕರಾರಿಗೆ ದಾರಿ. ಆಟ ಶುರುಮಾಡುವ ಮೊದಲೇ ಈ ಎರಡನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಷರತ್ತುಗಳ ಪುಟ ಬದಲಾಗುತ್ತದೆ.

ಹಂತ 6: ಸರಾಸರಿ ನಿಮಗೆ ಏನು ಹೇಳುವುದಿಲ್ಲ?

ಮೇಲಿನ 60 ಪೌಂಡ್ ಅಥವಾ ಮೈನಸ್ 40 ಸರಾಸರಿಯ ಲೆಕ್ಕ. ನಿಮ್ಮೊಬ್ಬರ ಅನುಭವ ಅದಕ್ಕೆ ಹತ್ತಿರವೇ ಇರಬೇಕೆಂದಿಲ್ಲ. ಸ್ಲಾಟಿನ 96% ಹೇಗೆ ಬರುತ್ತದೆ ಎಂದರೆ, ಬಹಳಷ್ಟು ಸ್ಪಿನ್ನುಗಳಲ್ಲಿ ಏನೂ ಬರುವುದಿಲ್ಲ, ಕೆಲವದರಲ್ಲಿ ಚಿಲ್ಲರೆ, ಅಪರೂಪಕ್ಕೆ ಒಮ್ಮೆ ನೂರಾರು ಪಟ್ಟು. ಆ ಅಪರೂಪದ ದೊಡ್ಡ ಗೆಲುವು ಯಾರೋ ಒಬ್ಬರಿಗೆ ಬಂದು ಎಲ್ಲರ ಸರಾಸರಿಯನ್ನು ಮೇಲೆತ್ತುತ್ತದೆ. ಉಳಿದವರ ಕೈಗೆ ಸಿಗುವುದು ಸರಾಸರಿಗಿಂತ ಕಡಿಮೆ.

ಇದರಿಂದ ಎರಡು ಪರಿಣಾಮಗಳಿವೆ. ಮೊದಲನೆಯದು, ಷರತ್ತು ಮುಗಿಯುವ ಮೊದಲೇ ಖಾತೆ ಖಾಲಿಯಾಗುವುದು. ಡೆಪಾಸಿಟ್ ಮತ್ತು ಬೋನಸ್ ಎರಡಕ್ಕೂ 35x ಇರುವ ಆಫರನ್ನೇ ನೋಡಿ. ಟರ್ನೋವರ್ 7,000, ಸರಾಸರಿ ಖರ್ಚು 280 ಪೌಂಡ್. ಖಾತೆಯಲ್ಲಿರುವುದೇ 200. ಇದರರ್ಥ ನೀವು 280 ಕಳೆದುಕೊಳ್ಳುತ್ತೀರಿ ಎಂದಲ್ಲ, ಇಲ್ಲದ ಹಣ ಕಳೆದುಹೋಗುವುದಿಲ್ಲ. ಹೆಚ್ಚಿನವರು ದಾರಿಯ ಮಧ್ಯದಲ್ಲೇ ಸೊನ್ನೆಗೆ ಬಂದು ನಿಲ್ಲುತ್ತಾರೆ ಎಂದರ್ಥ. ಸರಾಸರಿ ಖರ್ಚು ಖಾತೆಯ ಮೊತ್ತವನ್ನು ದಾಟಿದರೆ ಆ ಬೋನಸ್ಸಿಗೆ ಇನ್ನು ಹೆಚ್ಚು ಲೆಕ್ಕ ಬೇಕಿಲ್ಲ.

ಎರಡನೆಯದು, ಗೆಲುವಿನ ಮಿತಿ. ‘ಬೋನಸ್ಸಿನಿಂದ ಗೆದ್ದ ಹಣದಲ್ಲಿ ಗರಿಷ್ಠ 250 ಪೌಂಡ್ ಮಾತ್ರ ತೆಗೆಯಬಹುದು’ ಎಂಬಂಥ ಸಾಲು. ಯಾರಿಗೆ ತಾನೇ ಅಷ್ಟು ಬರುತ್ತದೆ ಎಂದು ಅದನ್ನು ಬಿಟ್ಟು ಮುಂದೆ ಓದುತ್ತೇವೆ. ಆದರೆ 96% ಎಂಬ ಸರಾಸರಿಯೊಳಗೆ ಆ ದೊಡ್ಡ ಗೆಲುವುಗಳೂ ಸೇರಿಕೊಂಡಿವೆ. ಅವನ್ನು ಕತ್ತರಿಸಿದ ಕ್ಷಣ ಉಳಿದ ಆಟದ ಆರ್‌ಟಿಪಿ 96% ಆಗಿ ಉಳಿಯುವುದಿಲ್ಲ. ನನ್ನ ಪ್ರಕಾರ ಗುಣಕದ ನಂತರ ಅತಿ ಹೆಚ್ಚು ಬೆಲೆ ತಿನ್ನುವ ಸಾಲು ಇದೇ, ಅದರಲ್ಲೂ ಫ್ರೀ ಸ್ಪಿನ್ ಆಫರುಗಳಲ್ಲಿ.

ಹಂತ 7: ಮೊದಲು ಖರ್ಚಾಗುವುದು ಯಾರ ಹಣ?

ಕೆಲವು ಸೈಟುಗಳಲ್ಲಿ ನಿಮ್ಮ ನಗದು ಮೊದಲು ಆಟಕ್ಕೆ ಹೋಗುತ್ತದೆ, ಬೋನಸ್ ಹಿಂದೆ ಕಾಯುತ್ತಿರುತ್ತದೆ. ನಗದಿನಲ್ಲೇ ಚೆನ್ನಾಗಿ ಗೆದ್ದರೆ ಬೋನಸ್ಸನ್ನು ಕೈಬಿಟ್ಟು ಹಣ ತೆಗೆದುಕೊಂಡು ಹೋಗಬಹುದು. ಆಟಗಾರನಿಗೆ ಇದು ಅನುಕೂಲದ ವ್ಯವಸ್ಥೆ. ಆದರೆ ಅದರಲ್ಲೇ ಒಂದು ಕೊಕ್ಕೆ ಇರಬಹುದು: ಬೋನಸ್ ಹಣದಿಂದ ಕಟ್ಟಿದ ಪಣ ಮಾತ್ರ ಷರತ್ತಿನ ಲೆಕ್ಕಕ್ಕೆ. ಹಾಗಿದ್ದರೆ ನಿಮ್ಮ ನಗದು ಪೂರ್ತಿ ಮುಗಿದ ಮೇಲಷ್ಟೇ ಲೆಕ್ಕ ಶುರು. ಮೇಲೆ ಬಂದ 60 ಪೌಂಡಿನ ಬೆಲೆ ಇಲ್ಲಿ ಸಿಗುವುದಿಲ್ಲ, ಏಕೆಂದರೆ 1,000 ಪೌಂಡಿನ ಟರ್ನೋವರ್‌ಗೂ ಮೊದಲು ನಗದು ಆಡಿದ್ದರ ಖರ್ಚೂ ಇದೆ.

ಇನ್ನು ಕೆಲವು ಕಡೆ ಎರಡೂ ಹಣ ಬೆರೆತುಹೋಗಿ, ಮಧ್ಯದಲ್ಲಿ ತೆಗೆಯಲು ಹೋದರೆ ಬೋನಸ್ ರದ್ದಾಗುತ್ತದೆ. ಷರತ್ತು ಮುಗಿದ ಮೇಲೂ ಬೋನಸ್ ಮೊತ್ತವನ್ನು ಕಳೆದು ಉಳಿದದ್ದನ್ನು ಮಾತ್ರ ಕೊಡುವ ಬಗೆಯೂ ಉಂಟು. ಅಲ್ಲಿ ಬೋನಸ್ ಎಂದರೆ ಆಡಲು ಕೊಟ್ಟ ಬಿಲ್ಲೆ ಅಷ್ಟೇ, ಅದು ಎಂದಿಗೂ ನಿಮ್ಮದಾಗುವುದಿಲ್ಲ. ಹಂತ 4ರ ಸೂತ್ರ ಅದಕ್ಕೆ ಹೊಂದುವುದಿಲ್ಲ.

ಬ್ರಿಟನ್ನಿನಲ್ಲಿ ನಿಮ್ಮ ಸ್ವಂತ ಹಣಕ್ಕೆ ಒಂದು ರಕ್ಷಣೆ ಇದೆ. ಅಲ್ಲಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ ಈ ವಿಷಯ ಕೈಗೆತ್ತಿಕೊಂಡ ಮೇಲೆ, ಬೋನಸ್ ಷರತ್ತನ್ನು ಮುಂದಿಟ್ಟು ಆಟಗಾರನ ಡೆಪಾಸಿಟ್ಟನ್ನೇ ಹಿಡಿದಿಟ್ಟುಕೊಳ್ಳುವ ಪದ್ಧತಿಗೆ ತಡೆಬಿತ್ತು. ಕೆಲವು ದೊಡ್ಡ ಕಂಪನಿಗಳು 2018ರಲ್ಲಿ ಹಾಗೆ ಮಾಡುವುದಿಲ್ಲವೆಂದು ಲಿಖಿತ ಭರವಸೆ ಕೊಟ್ಟವು.

ಹಂತ 8: ಆಫರ್ ಈಗಿನ ನಿಯಮದೊಳಗಿದೆಯೇ ನೋಡಿ

2026ರ ಜನವರಿ 19ರಿಂದ ಬ್ರಿಟನ್ನಿನಲ್ಲಿ ಲೈಸೆನ್ಸ್ ಇರುವ ಕಂಪನಿಗಳು ಬೋನಸ್ಸಿನ 10 ಪಟ್ಟಿಗಿಂತ ಹೆಚ್ಚಿನ ವೇಜರಿಂಗ್ ಷರತ್ತು ಹಾಕುವಂತಿಲ್ಲ. ಕ್ರೀಡೆಯ ಮೇಲೆ ಬಾಜಿ ಕಟ್ಟಿದರೆ ಸ್ಲಾಟ್ ಬೋನಸ್ ಎಂಬ ಥರದ, ಎರಡು ಬಗೆಯ ಜೂಜನ್ನು ಒಟ್ಟಿಗೆ ಆಡಿಸುವ ಆಫರುಗಳೂ ನಿಂತಿವೆ. ಆದ್ದರಿಂದ ಬ್ರಿಟನ್ನಿನಲ್ಲಿರುವ ನಿಮಗೆ ಇಂದು 35x, 40x ಆಫರ್ ಕಂಡರೆ ಅದರ ಬೆಲೆ ಲೆಕ್ಕ ಹಾಕುವ ಮೊದಲು ಆ ಸೈಟಿಗೆ ಅಲ್ಲಿನ ಲೈಸೆನ್ಸ್ ಇದೆಯೇ ಎಂದು ನೋಡಬೇಕು. ಗ್ಯಾಂಬ್ಲಿಂಗ್ ಕಮಿಷನ್ನಿನ ಜಾಲತಾಣದಲ್ಲಿ ಲೈಸೆನ್ಸ್‌ದಾರರ ಸಾರ್ವಜನಿಕ ಪಟ್ಟಿ ಇದೆ. ಸೈಟಿನ ಅಡಿಯಲ್ಲಿ ಬರೆದಿರುವ ಲೈಸೆನ್ಸ್ ಸಂಖ್ಯೆಯನ್ನು ಅಲ್ಲಿ ತಾಳೆ ನೋಡಬಹುದು.

ಹಾಗಾದರೆ 10x ಬಂದ ಮೇಲೆ ಬೋನಸ್ ಎಂದರೆ ಲಾಭವೇ ಎಂದು ಕೇಳಬಹುದು. ಕಾಗದದ ಮೇಲೆ ಹೌದು, 100ರಲ್ಲಿ 60. ಕಂಪನಿಗೆ ಇದರಿಂದ ಏನು ಸಿಗುತ್ತದೆ ಎಂಬುದನ್ನೂ ಅದೇ ಸೂತ್ರದಿಂದ ನೋಡಿ. ಷರತ್ತು ಮುಗಿದ ಮೇಲೂ ನೀವು ಆಡುತ್ತ ಹೋದರೆ, ಪ್ರತಿ 1,000 ಪೌಂಡ್ ಟರ್ನೋವರ್‌ಗೆ ಸರಾಸರಿ 40 ಪೌಂಡ್ ಹೋಗುತ್ತದೆ. ಇನ್ನು 1,500 ಪೌಂಡ್ ಆಡಿದರೆ ಆ 60 ಸೊನ್ನೆ. 1 ಪೌಂಡಿನ ಸ್ಪಿನ್ನಿಗೆ 2.5 ಸೆಕೆಂಡಿನಂತೆ ಅದಕ್ಕೆ ಬೇಕಾಗುವುದು ಒಂದು ಗಂಟೆ ಚಿಲ್ಲರೆ. ಷರತ್ತು ಮುಗಿದ ನಿಮಿಷದಲ್ಲೇ ಹಣ ತೆಗೆದು ಖಾತೆ ಮುಚ್ಚುವವರಿಗಷ್ಟೇ 60 ಪೌಂಡಿನ ಬೆಲೆ. ಎಲ್ಲರೂ ಹಾಗೆ ಮಾಡುವಂತಿದ್ದರೆ ಯಾವ ಕಂಪನಿಯೂ ವೆಲ್ಕಮ್ ಬೋನಸ್ ಕೊಡುತ್ತಿರಲಿಲ್ಲ. ಬೋನಸ್ಸಿನ ಹೆಸರಿನಲ್ಲಿ, ಇಲ್ಲದಿದ್ದರೆ ಹಾಕದ 100 ಪೌಂಡನ್ನು ಹಾಕುತ್ತಿದ್ದೀರಿ ಎಂದಾದರೆ ಲೆಕ್ಕ ಅಲ್ಲೇ ಬೇರೆಯಾಗುತ್ತದೆ. ಸೈನ್ ಅಪ್ ಮಾಡುವಾಗ ‘ಬೋನಸ್ ಬೇಡ’ ಎಂಬ ಆಯ್ಕೆ ಹೆಚ್ಚಿನ ಕಡೆ ಇರುತ್ತದೆ, ಅದನ್ನು ಒತ್ತಿದರೆ ಷರತ್ತೂ ಇಲ್ಲ.

ಭಾರತದಲ್ಲಿ ಇರುವವರಿಗೆ

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಇದನ್ನು ಓದುತ್ತಿದ್ದರೆ ಹಂತ 1ಕ್ಕೂ ಮೊದಲೇ ನಿಲ್ಲಬೇಕು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವಿಲ್ಲ. ಇಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷ, 50 ಲಕ್ಷದವರೆಗೆ. ಬ್ಯಾಂಕುಗಳು ಈ ಪಾವತಿಗಳಿಗೆ ನೆರವಾಗುವಂತಿಲ್ಲ. ಶಿಕ್ಷೆ ಆಡುವವನ ಮೇಲಿಲ್ಲ, ಆದರೆ ರಕ್ಷಣೆಯೂ ಇಲ್ಲ.

ಟೆಲಿಗ್ರಾಂನಲ್ಲಿ, ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ ಇನ್ನೂ ಕಾಣುವ ಆಫರುಗಳು ಹೊರದೇಶದ ಸೈಟುಗಳದ್ದು. ಅವುಗಳ ಮಾದರಿಯಲ್ಲೇ ಒಂದು ಲೆಕ್ಕ ಹಾಕಿ: 10,000 ರೂಪಾಯಿ ಡೆಪಾಸಿಟ್, 150% ಬೋನಸ್, ಎರಡೂ ಸೇರಿ 40x. ಬೋನಸ್ 15,000, ಖಾತೆಯಲ್ಲಿ 25,000, ಟರ್ನೋವರ್ 10 ಲಕ್ಷ ರೂಪಾಯಿ. 96% ಸ್ಲಾಟಿನಲ್ಲಿ ಸರಾಸರಿ ಖರ್ಚು 40,000. ಹಂತ 6ರ ಪರೀಕ್ಷೆಯಲ್ಲೇ ಇದು ಬಿತ್ತು. ಇದನ್ನೆಲ್ಲ ದಾಟಿ ಗೆದ್ದವನಿಗೂ ಹಣ ಕೊಡದಿದ್ದರೆ ದೂರು ಕೊಡಲು ನಿಯಂತ್ರಕನಿಲ್ಲ. ಭಾರತೀಯ ಒಪ್ಪಂದ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಜೂಜಿನ ಒಪ್ಪಂದವೇ ಅಸಿಂಧು, ಹಾಗಾಗಿ ಗೆದ್ದದ್ದನ್ನು ವಸೂಲಿ ಮಾಡಲು ಕೋರ್ಟಿಗೂ ಹೋಗುವಂತಿಲ್ಲ. ಸೂತ್ರದಲ್ಲಿ ಬೋನಸ್ ಮೊತ್ತ ಎಂಬ ಜಾಗದಲ್ಲಿ ಸೊನ್ನೆ ಬರೆದುಕೊಂಡರೆ ಅಲ್ಲಿನ ಆಫರುಗಳ ಲೆಕ್ಕ ಸರಿಹೋಗುತ್ತದೆ.

ಬ್ರಿಟನ್ನಿನಲ್ಲಿದ್ದು, ಷರತ್ತು ಮುಗಿಸುವ ನೆಪದಲ್ಲಿ ಮತ್ತೆ ಮತ್ತೆ ಡೆಪಾಸಿಟ್ ಮಾಡುತ್ತಿದ್ದೀರಿ ಎಂದು ಅನ್ನಿಸಿದರೆ ಗ್ಯಾಮ್‌ಸ್ಟಾಪ್‌ನಲ್ಲಿ ಒಮ್ಮೆ ಹೆಸರು ನೋಂದಾಯಿಸಿದರೆ ಸಾಕು, ಅಲ್ಲಿ ಲೈಸೆನ್ಸ್ ಇರುವ ಎಲ್ಲ ಸೈಟುಗಳೂ ನಿಮಗೆ ಮುಚ್ಚಿಕೊಳ್ಳುತ್ತವೆ. ಮಾತಾಡಲು ಗ್ಯಾಮ್‌ಕೇರ್ ನಡೆಸುವ ಉಚಿತ ಸಹಾಯವಾಣಿ ಇದೆ: 0808 8020 133.